ಸ್ಲೇಟಿನ ಮೇಲೆ ಬರೆದ ದಿನಚರಿ

ಹೆರಿಗೆ ರಜೆ 26 ವಾರ ಅಂತ ಎಲ್ಲರಿಗೂ ಗೊತ್ತು. 2017ರ ತಿದ್ದುಪಡಿಯಲ್ಲಿ 12 ವಾರ ಇದ್ದದ್ದು 26 ಆಯ್ತು. ಆರು ತಿಂಗಳು ತುಂಬುವವರೆಗೆ ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರು ಕೂಡ ಬೇಡ ಅಂತ ಡಾಕ್ಟರ್ ಹೇಳೋದೂ ಗೊತ್ತು. 26 ವಾರ ಅಂದ್ರೆ ಆರು ತಿಂಗಳು, ಹಾಗಾಗಿ ಎರಡೂ ಸರಿಹೋಗುತ್ತೆ ಅನ್ಸುತ್ತೆ. ಕ್ಯಾಲೆಂಡರ್ ಹಿಡಿದು ಕೂತಾಗ ಮಾತ್ರ ಹೊಂದಿಕೆಯಾಗಲ್ಲ ಅನ್ನೋದು ಗೊತ್ತಾಗುತ್ತೆ.

ನನ್ನ ರಜೆ ಶುರುವಾಗಿದ್ದು ಏಪ್ರಿಲ್ 21ಕ್ಕೆ. ಮಗಳು ಹುಟ್ಟಿದ್ದು ಮೇ 12ಕ್ಕೆ. 182 ದಿನ ಎಣಿಸಿದರೆ ಅಕ್ಟೋಬರ್ 20ಕ್ಕೆ ಮತ್ತೆ ಲಾಗಿನ್. ಅವಳಿಗೆ ಆರು ತಿಂಗಳು ತುಂಬೋದು ನವೆಂಬರ್ 12ಕ್ಕೆ. ನಡುವೆ 23 ದಿನ. ಹೆರಿಗೆಗೆ ಮುಂಚೆ ಎಷ್ಟು ದಿನ ರಜೆ ತಗೊಂಡಿದ್ದೀವೋ ಅಷ್ಟೂ ಆಮೇಲಿನ ಲೆಕ್ಕದಲ್ಲಿ ಕಡಿಮೆಯಾಗುತ್ತೆ. ಕಾನೂನು ಮುಂಚಿತವಾಗಿ ಎಂಟು ವಾರದವರೆಗೆ ತಗೊಳ್ಳೋಕೆ ಬಿಡುತ್ತೆ. ಪೂರ್ತಿ ಎಂಟು ವಾರ ತಗೊಂಡವರು ಮಗುವಿಗೆ ನಾಲ್ಕು ತಿಂಗಳು ದಾಟಿದ ಕೂಡಲೇ ಕೆಲಸಕ್ಕೆ ಕೂರಬೇಕು.

ನನ್ನ ಆ 23 ದಿನ ಮತ್ತು ಅದರ ನಂತರದ ಕೆಲವು ವಾರ ಹೇಗೆ ನಡೆಯಿತು ಅನ್ನೋದೇ ಈ ಬರಹ. ಜಾಗ ಶೀಳನೆರೆ, ಕೆ.ಆರ್. ಪೇಟೆ ತಾಲ್ಲೂಕು, ನನ್ನ ತವರು. ಮನೆಯಲ್ಲಿ ಅಮ್ಮ, ಅಪ್ಪ, ಅಜ್ಜಿ, ಎರಡು ಹಸು. ಯಜಮಾನರ ಕೆಲಸ ಬೆಂಗಳೂರಲ್ಲಿ. ಶುಕ್ರವಾರ ರಾತ್ರಿ ಬಂದು ಸೋಮವಾರ ಬೆಳಗ್ಗೆ ಹೋಗ್ತಾರೆ. ನನ್ನ ಕಂಪನಿ ಮನೆಯಿಂದ ಕೆಲಸ ಮಾಡೋಕೆ ಒಪ್ಪಿತ್ತು. ಟೀಮಿನ ಅರ್ಧ ಜನ ಅಮೆರಿಕದಲ್ಲಿದ್ದಾರೆ.

ಗಂಟೆ ನೋಡಿ ಮಲಗಿಸೋದು ಬಿಟ್ಟಿದ್ದು

ಇಂಟರ್ನೆಟ್‌ನಲ್ಲಿ ಸಿಗೋ ಟೈಮ್‌ಟೇಬಲ್‌ಗಳಲ್ಲಿ ಒಂಬತ್ತಕ್ಕೆ ನಿದ್ದೆ, ಹನ್ನೊಂದಕ್ಕೆ ಹಾಲು ಅಂತ ಇರುತ್ತೆ. ಮಗು ಬೆಳಗ್ಗೆ ಆರಕ್ಕೆ ಎದ್ದ ದಿನವೂ ಒಂಬತ್ತಕ್ಕೇ ಮಲಗಿಸಬೇಕು, ಏಳಕ್ಕೆ ಎದ್ದ ದಿನವೂ ಒಂಬತ್ತಕ್ಕೇ ಅನ್ನೋದು ನಡೆಯೋ ಮಾತಲ್ಲ. ಐದು ತಿಂಗಳ ಮಗು ಒಮ್ಮೆ ಎದ್ದ ಮೇಲೆ ಸುಮಾರು ಎರಡರಿಂದ ಎರಡೂವರೆ ಗಂಟೆ ಖುಷಿಯಾಗಿ ಎಚ್ಚರ ಇರುತ್ತೆ. ಸಂಜೆಯ ಕೊನೇ ಸಲ ಇನ್ನು ಸ್ವಲ್ಪ ಹೊತ್ತು ತಡೆಯುತ್ತೆ. ಅದು ಮೀರಿದರೆ ಸುಸ್ತಾಗಿ, ಸುಸ್ತಾದಷ್ಟೂ ಮಲಗೋಕೆ ಹಟ ಮಾಡುತ್ತೆ. ಮುಖ ತಿರುಗಿಸೋದು, ಕಣ್ಣುಜ್ಜೋದು, ಕಿವಿ ಎಳ್ಕೊಳ್ಳೋದು ಇದರ ಮುನ್ಸೂಚನೆ. ಅಳು ಶುರುವಾಯ್ತು ಅಂದ್ರೆ ಹದಿನೈದು ನಿಮಿಷ ತಡವಾಗಿದೆ ಅಂತಾನೇ ಅರ್ಥ.

ಹಾಗಾಗಿ ನಾವು ಎಣಿಸಬೇಕಾಗಿದ್ದು ಒಂದೇ: ಕೊನೆ ಸಲ ಎದ್ದಿದ್ದು ಎಷ್ಟೊತ್ತಿಗೆ? ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು. ಮೊಬೈಲ್ ಆ್ಯಪ್ ನನ್ನೊಬ್ಬಳ ಕೈಯಲ್ಲಿರುತ್ತೆ, ಅದೂ ಇಂಗ್ಲಿಷಿನಲ್ಲಿ. ಅದಕ್ಕೆ ನನ್ನ ಹಳೇ ಸ್ಲೇಟು ಹುಡುಕಿ ಅಡುಗೆಮನೆ ಬಾಗಿಲ ಪಕ್ಕ ಮೊಳೆ ಹೊಡೆದು ನೇತುಹಾಕಿದೆವು. ನಾಲ್ಕು ಸಾಲು: ಎದ್ದಿದ್ದು, ಹಾಲು, ಮಲಗಿದ್ದು, ಲಂಗೋಟಿ. ಯಾರು ಎತ್ಕೊಂಡಿದ್ದರೋ ಅವರೇ ಬರೀಬೇಕು. ಅಜ್ಜಿಗೆ ಅಕ್ಷರ ಬರಲ್ಲ. ಲಂಗೋಟಿ ಸಾಲಿನಲ್ಲಿ ಒಂದೊಂದು ಗೀಟು ಹಾಕೋದು ಅವರ ಜವಾಬ್ದಾರಿ.

ಒಂದು ವಾರದ ಸ್ಲೇಟು ನೋಡಿದಾಗ ದಿನಕ್ಕೊಂದು ಆಕಾರ ಕಾಣಿಸಿತು. ಬೆಳಗ್ಗೆ ಆರೂವರೆ ಆಸುಪಾಸಿಗೆ ಏಳ್ತಾಳೆ. ಎಣ್ಣೆ ಹಚ್ಚಿ ನೀರು ಹಾಕಿ ಹಾಲು ಕೊಟ್ಟರೆ ಒಂಬತ್ತರಿಂದ ಹತ್ತೂಕಾಲಿನವರೆಗೆ ಗಾಢ ನಿದ್ದೆ. ಹನ್ನೆರಡೂವರೆಗೆ ಎರಡನೇದು, ಅದೂ ಒಂದು ಗಂಟೆಯ ಮೇಲೆ. ನಾಲ್ಕೂಕಾಲಿಗೆ ಮೂರನೇದು, ಮುಕ್ಕಾಲು ಗಂಟೆ. ರಾತ್ರಿ ಏಳೂಮುಕ್ಕಾಲಿಗೆ ಮಲಗಿದರೆ ಹನ್ನೊಂದೂವರೆಗೆ ಒಂದು ಸಲ, ಎರಡು ಗಂಟೆಗೆ ಇನ್ನೊಂದು ಸಲ ಹಾಲಿಗೆ ಏಳ್ತಿದ್ದಳು. ನಾಲ್ಕು ತಿಂಗಳಿಂದ ಒಂದು ವರ್ಷದ ಮಕ್ಕಳಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು. ಸ್ಲೇಟಿನ ಮೊತ್ತ ಹದಿಮೂರರ ಹತ್ತಿರ ಬರ್ತಿತ್ತು. ಸಾಕು.

ಮೊದಲು ನನ್ನ ನಿದ್ದೆ

ಹೊಸ ತಾಯಿ ಒಟ್ಟು ಎಂಟು ಗಂಟೆ ಹಾಸಿಗೆಯಲ್ಲಿದ್ದರೂ ಬೆಳಗ್ಗೆ ಕಣ್ಣು ಉರೀತಿರುತ್ತೆ. ಕಾರಣ ಆ ಎಂಟು ಗಂಟೆ ಮೂರು ನಾಲ್ಕು ತುಂಡಾಗಿರುತ್ತೆ. ಕೋಡ್ ಬರೆಯೋಕೆ ಬೇಕಾದ ತಲೆ ಬರಬೇಕಾದರೆ ನನಗೆ ಕನಿಷ್ಠ ನಾಲ್ಕೂವರೆ, ಐದು ಗಂಟೆ ಒಂದೇ ಸಮನೆ ನಿದ್ದೆ ಬೇಕಿತ್ತು. ಅದಕ್ಕೆ ಹನ್ನೊಂದೂವರೆಯ ಹಾಲು ಬೇರೆ ಯಾರಾದರೂ ಕೊಡಬೇಕು.

ಅಮ್ಮ ಕೊಡ್ತೀನಿ ಅಂದರು. ಅಮ್ಮ ನಾಲ್ಕೂವರೆಗೆ ಎದ್ದು ಕೊಟ್ಟಿಗೆಗೆ ಹೋಗಬೇಕು, ಆರಕ್ಕೆ ಡೈರಿಗೆ ಹಾಲು ಹಾಕಬೇಕು. ಅವರ ನಿದ್ದೆ ಮುರಿದರೆ ನಾಳೆ ಹಗಲು ಮಗುವನ್ನ ಹಿಡಿಯೋರೇ ಇರಲ್ಲ. ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಎದ್ದಿರೋರು ಅಪ್ಪ ಮಾತ್ರ. ಆ ದಿನಗಳಲ್ಲಿ ಪಂಪ್‌ಸೆಟ್‌ಗೆ ತ್ರೀಫೇಸ್ ರಾತ್ರಿ ಪಾಳಿಯಲ್ಲಿ ಬರ್ತಿತ್ತು. ಮೋಟರ್ ಹಾಕಿ ಕಬ್ಬಿಗೆ ನೀರು ತಿರುಗಿಸಿ ಬರೋ ಹೊತ್ತಿಗೆ ಹನ್ನೊಂದೂಕಾಲು.

"ನಾನೇ ಕುಡಿಸ್ತೀನಿ ಬುಡವ್ವ. ಕರಾ ಸಾಕ್ದೋನು, ಮೊಮ್ಮಗಳನ್ನ ಸಾಕಾಕಿಲ್ವಾ?" ಅಂದರು ಅಪ್ಪ.

ಅಪ್ಪ ಕೈಕಾಲು ತೊಳೆದು, ಒಳಲೆಯಲ್ಲಿ ಹಾಲು ಕುಡಿಸಿ, ಹೆಗಲ ಮೇಲೆ ಹಾಕಿ ತೇಗಿಸಿ, ಅಂಗಾತ ಮಲಗಿಸಿ, ಸ್ಲೇಟಿನಲ್ಲಿ ಬರೆದು ಮಲಗೋರು. ನಾನು ಒಂಬತ್ತಕ್ಕೆ ಒಳಕೋಣೆಗೆ ಹೋದರೆ ಎರಡರವರೆಗೆ ಎದ್ದು ಬರೋ ಹಾಗಿಲ್ಲ. ಎರಡಕ್ಕೆ ಹಾಲು ಕೊಟ್ಟು ಮತ್ತೆ ಆರೂವರೆಯವರೆಗೆ ಮಲಗೋದು. ಮಧ್ಯೆ ಒಮ್ಮೊಮ್ಮೆ ನಾಲ್ಕೂವರೆಗೆ ಏಳೋಳು. ಮೊದಲ ಐದು ಗಂಟೆ ಸಿಕ್ಕಿರೋದರಿಂದ ಅದು ಭಾರ ಅನ್ನಿಸ್ತಿರಲಿಲ್ಲ. ಶುಕ್ರವಾರ, ಶನಿವಾರ, ಭಾನುವಾರ ರಾತ್ರಿ ಅಪ್ಪನ ಪಾಳಿ ಯಜಮಾನರದ್ದು.

ಇಲ್ಲಿ ಒಂದು ಎಚ್ಚರ ಇದೆ. ಎದೆಹಾಲು ಕುಡಿಸೋ ತಾಯಿ ಒಂದೇ ರಾತ್ರಿಗೆ ಮೂರು ಗಂಟೆಯ ಅಂತರವನ್ನ ಐದಕ್ಕೆ ಏರಿಸಿದರೆ ಎದೆ ಕಲ್ಲಿನ ಹಾಗೆ ಬಿಗಿಯುತ್ತೆ. ನಾನು ರಜೆ ಮುಗಿಯೋ ಹತ್ತು ದಿನ ಮುಂಚಿನಿಂದ ಪ್ರತಿ ಎರಡು ಮೂರು ದಿನಕ್ಕೆ ಅರ್ಧ ಗಂಟೆಯಂತೆ ಅಂತರ ಹೆಚ್ಚಿಸಿದೆ. ಮಲಗೋ ಮುಂಚೆ ಒಂಬತ್ತಕ್ಕೆ ಹಾಲು ತೆಗೆದಿಡ್ತಿದ್ದೆ. ಎದೆಯ ಒಂದು ಕಡೆ ಕೆಂಪಾಗಿ, ಮುಟ್ಟಿದರೆ ನೋವಾಗಿ, ಜ್ವರ ಬಂದರೆ ಅದು ಬರೀ ಬಿಗಿತ ಅಲ್ಲ, ಸೋಂಕು ಇರಬಹುದು. ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು, ಹಾಲು ಕುಡಿಸೋದನ್ನ ನಿಲ್ಲಿಸಬಾರದು.

ಮಗು ಮಲಗಿ, ಮನೆ ಮೌನವಾಗಿ, ಪಾಳಿಗೆ ಬೇರೆಯವರಿದ್ದರೂ ನಿದ್ದೆ ಬರ್ತಿಲ್ಲ, ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ಸುಮ್ಮನೆ ಅಳು ಬರುತ್ತೆ ಅಂದ್ರೆ ಅದನ್ನ ಯಾವ ದಿನಚರಿಯೂ ಸರಿ ಮಾಡಲ್ಲ. ಅದಕ್ಕೆ ಡಾಕ್ಟರೇ ಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಹಾಲಿನ ಲೆಕ್ಕ ಮತ್ತು ಕರೆಂಟು

ಮನೆಯಿಂದ ಕೆಲಸ ಮಾಡೋದರ ದೊಡ್ಡ ಲಾಭ ಅಂದ್ರೆ ಹಗಲು ನೇರವಾಗಿ ಕುಡಿಸಬಹುದು. ಹಾಗಾಗಿ ನನಗೆ ತೆಗೆದಿಟ್ಟ ಹಾಲು ಬೇಕಾಗಿದ್ದು ರಾತ್ರಿಯ ಒಂದು ಸಲಕ್ಕೆ, ಜೊತೆಗೆ ಮೀಟಿಂಗ್ ಉದ್ದವಾದರೆ ಇರಲಿ ಅಂತ ಸ್ವಲ್ಪ. ಒಂದರಿಂದ ಆರು ತಿಂಗಳ ಮಗು ದಿನಕ್ಕೆ ಸರಾಸರಿ ಮುಕ್ಕಾಲು ಲೀಟರ್ ಎದೆಹಾಲು ಕುಡಿಯುತ್ತೆ. 24ರಿಂದ ಭಾಗಿಸಿದರೆ ಗಂಟೆಗೆ ಸುಮಾರು 30 ಮಿ.ಲೀ. ಏಳೂಮುಕ್ಕಾಲಿಂದ ಹನ್ನೊಂದೂವರೆಗೆ ಮೂರೂಮುಕ್ಕಾಲು ಗಂಟೆ, ಅಂದ್ರೆ ಸುಮಾರು 110 ಮಿ.ಲೀ. ಮೀಟಿಂಗಿಗೆ 60. ಬೆಳಗ್ಗೆ ಎದೆಯಲ್ಲಿ ಹಾಲು ಹೆಚ್ಚಿರುತ್ತೆ. ಆರೂವರೆಗೆ ಒಂದು ಕಡೆ ಕುಡಿಸಿ, ಇನ್ನೊಂದು ಕಡೆಯಿಂದ ಕೈಪಂಪಿನಲ್ಲಿ 80ರವರೆಗೆ ಬರ್ತಿತ್ತು. ರಾತ್ರಿ ಒಂಬತ್ತಕ್ಕೆ 40, 50. ಇಷ್ಟು ಸಾಕಾಗ್ತಿತ್ತು. ಫ್ರೀಜರ್ ತುಂಬಾ ಹಾಲು ಕೂಡಿಡೋ ವಿಡಿಯೋ ನೋಡಿ ಗಾಬರಿ ಆಗಬೇಡಿ. ನಿಮ್ಮ ಮಗುವಿಗೆ ನೀವು ಎಷ್ಟು ಗಂಟೆ ಸಿಗಲ್ವೋ ಅಷ್ಟು ಗಂಟೆಯ ಹಾಲು ಇದ್ದರೆ ಆಯ್ತು.

ತೆಗೆದ ಹಾಲು 25 ಡಿಗ್ರಿ ಒಳಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತೆ. ಫ್ರಿಜ್‌ನಲ್ಲಿ ನಾಲ್ಕು ದಿನ. ಫ್ರೀಜರ್‌ನಲ್ಲಿ ಆರು ತಿಂಗಳವರೆಗೆ ಚೆನ್ನಾಗಿರುತ್ತೆ. ಫ್ರೀಜರ್‌ನಿಂದ ತೆಗೆದು ಕರಗಿಸಿದ್ದನ್ನ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಗಟ್ಟಿ ಮಾಡಬಾರದು. ಮಗು ಬಾಯಿ ಹಾಕಿದ ಹಾಲು ಎರಡು ಗಂಟೆಯ ಮೇಲೆ ಬೇಡ. ಇವೆಲ್ಲ ಕರೆಂಟ್ ಸದಾ ಇರೋ ಊರಿನ ಲೆಕ್ಕ. ನಮ್ಮಲ್ಲಿ ಮಳೆ ಗಾಳಿ ಬಂದರೆ ಕರೆಂಟ್ ಯಾವಾಗ ಹೋಗಿ ಯಾವಾಗ ಬಂತು ಅಂತ ಮಲಗಿದವರಿಗೆ ಗೊತ್ತಾಗಲ್ಲ. ಅದಕ್ಕೆ ಎರಡು ಉಪಾಯ ಮಾಡಿಕೊಂಡೆವು.

ಒಂದು, ರಾತ್ರಿಯ ಒಳಲೆಗೆ ಒಂಬತ್ತಕ್ಕೆ ತೆಗೆದ ಹಾಲನ್ನೇ ಮೊದಲು ಬಳಸೋದು. ಅಕ್ಟೋಬರ್, ನವೆಂಬರಿನ ರಾತ್ರಿ ನಮ್ಮ ನಡುಮನೆ ತಂಪಾಗಿರುತ್ತೆ. ಒಂಬತ್ತರಿಂದ ಹನ್ನೊಂದೂವರೆ ಎರಡೂವರೆ ಗಂಟೆ ಅಷ್ಟೇ, ಫ್ರಿಜ್ ಬೇಕೇ ಇಲ್ಲ. ಕಮ್ಮಿ ಬಿದ್ದದ್ದನ್ನ ಬೆಳಗಿನ ಹಾಲಿನಿಂದ ತುಂಬಿಸೋದು. ಬೇಸಿಗೆಯಲ್ಲಿ ಇದನ್ನ ಮಾಡೋ ಹಾಗಿಲ್ಲ, ಮಾರ್ಚ್ ಆದ ಮೇಲೆ ನಮ್ಮ ಕಡೆ ಮನೆಯೊಳಗೂ 25 ಡಿಗ್ರಿ ದಾಟುತ್ತೆ.

ಎರಡು, ಫ್ರೀಜರ್‌ನಲ್ಲಿ ಒಂದು ಸಣ್ಣ ಲೋಟದಲ್ಲಿ ನೀರು ಗಟ್ಟಿ ಮಾಡಿ ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಡೋದು. ನಾಣ್ಯ ಮೇಲೇ ಇದ್ದರೆ ಸರಿ. ಲೋಟದ ತಳದಲ್ಲಿ ಕೂತು ಮೇಲೆ ಮಂಜು ಕಟ್ಟಿದ್ದರೆ ರಾತ್ರಿ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆಗ ಅಲ್ಲಿರೋ ಹಾಲು ಚೆಲ್ಲಬೇಕು. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತೆ. ಕರೆಂಟ್ ಹೋದ ಕೂಡಲೇ ಬಾಗಿಲ ಹಿಡಿಗೆ ಒಂದು ದಾರ ಕಟ್ಟೋದು ಅಮ್ಮನ ಪದ್ಧತಿ. ಯಾರೂ ಮರೆತು ತೆಗೆಯಬಾರದು ಅಂತ.

ಇಟ್ಟ ಹಾಲಿನ ಮೇಲೆ ಕೆನೆ ಬೇರೆಯಾಗಿ ನಿಂತರೆ ಅದು ಕೆಟ್ಟಿದ್ದಲ್ಲ, ಮೆಲ್ಲಗೆ ಅಲ್ಲಾಡಿಸಿದರೆ ಸೇರುತ್ತೆ. ಹುಳಿ ವಾಸನೆ ಬಂದರೆ ಮಾತ್ರ ಕೆಟ್ಟಿದೆ. ಒಲೆ ಮೇಲೆ ಕಾಯಿಸಬಾರದು, ಬಿಸಿನೀರಿನ ಬಟ್ಟಲಲ್ಲಿ ಹಾಲಿನ ಪಾತ್ರೆ ಇಟ್ಟು ಬೆಚ್ಚಗೆ ಮಾಡಿದರೆ ಸಾಕು. ಬಾಟಲಿಗಿಂತ ಒಳಲೆ ತೊಳೆಯೋದೂ, ಕುದಿಸೋದೂ ಸುಲಭ. ಆದರೆ ಹಳೇ ಕಾಲದ ಹಾಗೆ ಕಾಲ ಮೇಲೆ ಅಂಗಾತ ಮಲಗಿಸಿ ಬಾಯಿಗೆ ಸುರಿಯೋದು ಅಪಾಯ, ಹಾಲು ಶ್ವಾಸನಾಳಕ್ಕೆ ಹೋಗಬಹುದು. ತಲೆ ಎತ್ತಿ ಕೂರಿಸಿದ ಹಾಗೆ ಹಿಡಿದು, ಒಳಲೆಯ ತುದಿಯನ್ನ ಕೆಳತುಟಿಗೆ ತಾಗಿಸಿದರೆ ಮಗುವೇ ಹೀರಿಕೊಳ್ಳುತ್ತೆ. ಅಪ್ಪನಿಗೆ ಇದನ್ನ ನಮ್ಮ ಆಶಾ ಅಕ್ಕ ಬಂದು ತೋರಿಸಿಕೊಟ್ಟರು.

ಹಾಲು ಸಾಕಾಗ್ತಿದೆಯಾ ಅನ್ನೋ ಪ್ರಶ್ನೆಗೆ ಅಜ್ಜಿಯ ಗೀಟುಗಳೇ ಉತ್ತರ. 24 ಗಂಟೆಯಲ್ಲಿ ಆರು ಅಥವಾ ಹೆಚ್ಚು ಸಲ ಲಂಗೋಟಿ ಒದ್ದೆಯಾದರೆ ಸರಿ. ನಮ್ಮಲ್ಲಿ ಏಳೆಂಟು ಇರ್ತಿತ್ತು. ಕೆಲಸ ಶುರುವಾದ ಮೊದಲ ಬುಧವಾರ ಐದೇ ಗೀಟು. ಹಾಲಿನ ಸಾಲು ನೋಡಿದರೆ ಹತ್ತೂಕಾಲಿನ ನಂತರ ಒಂದೂವರೆಯವರೆಗೆ ಏನೂ ಬರೆದಿಲ್ಲ. ಆವತ್ತು ಮೀಟಿಂಗ್ ಮುಗಿಯೋದು ತಡವಾಗಿ, ಮಗು ಅಮ್ಮನ ತೊಡೆಯ ಮೇಲೇ ಹಸಿದು ಮಲಗಿಬಿಟ್ಟಿತ್ತು. ಮಾರನೇ ದಿನದಿಂದ ಹನ್ನೆರಡೂಕಾಲನ್ನ ಕ್ಯಾಲೆಂಡರಿನಲ್ಲಿ ಲಾಕ್ ಮಾಡಿದೆ, ನಾನು ಹೊರಗೆ ಬರದಿದ್ದರೆ 60 ಮಿ.ಲೀ. ಒಳಲೆಯಲ್ಲಿ ಕೊಡೋದು ಅಂತಾಯ್ತು. ಗೀಟು ಮತ್ತೆ ಎಂಟಾಯ್ತು. ತಿಂಗಳಿಗೊಮ್ಮೆ ಅಂಗನವಾಡಿಯ ತೂಕ ಇದಕ್ಕೆ ಸಾಕ್ಷಿ. ಹುಟ್ಟುವಾಗ 2.9 ಕೆಜಿ ಇದ್ದವಳು ಐದು ತಿಂಗಳಿಗೆ 5.9 ಆಗಿದ್ದಳು.

ಮಗುವಿಗೆ 15 ತಿಂಗಳು ಆಗೋವರೆಗೆ ದಿನಕ್ಕೆ ಎರಡು ಹಾಲುಣಿಸೋ ವಿರಾಮ ಕಾನೂನೇ ಕೊಟ್ಟಿದೆ, ಮಾಮೂಲಿ ವಿರಾಮದ ಜೊತೆಗೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ನಾನು ಹನ್ನೆರಡೂಕಾಲು ಮತ್ತು ಐದು ಗಂಟೆಗೆ ಇಟ್ಟುಕೊಂಡೆ. ಕ್ಯಾಲೆಂಡರಿನಲ್ಲಿ "ಬಿಜಿ" ಅಂತ ಹಾಕದೆ ಹಾಲಿನ ವಿರಾಮ ಅಂತಾನೇ ಹಾಕಿದೆ. ಆ ಮೇಲೆ ಯಾರೂ ಆ ಹೊತ್ತಿಗೆ ಮೀಟಿಂಗ್ ಇಡಲಿಲ್ಲ.

ನಿದ್ದೆಯ ಅಳತೆಗೆ ಕೆಲಸ ಕತ್ತರಿಸಿದ್ದು

ಕೆಲಸವನ್ನ ಮೂರು ರಾಶಿ ಮಾಡಿದೆ. ತಲೆ ಪೂರ್ತಿ ಬೇಕಾದ್ದು ಮೊದಲನೇದು: ಹೊಸ ಕೋಡ್, ಕಷ್ಟದ ಬಗ್. ಅದು ಬೆಳಗಿನ ಒಂಬತ್ತರಿಂದ ಹತ್ತೂಕಾಲಿಗೆ ಮಾತ್ರ. ನೀರು ಹಾಕಿದ ಮೇಲಿನ ನಿದ್ದೆ ಮುರಿಯೋದು ಅಪರೂಪ, ನನ್ನ ತಲೆಯೂ ಆಗ ಹಗುರ. ಎರಡನೇದು ಜನರ ಜೊತೆಗಿನ ಕೆಲಸ: ಮೀಟಿಂಗ್, ಚರ್ಚೆ. ಅದು ಹತ್ತೂವರೆಯಿಂದ ಹನ್ನೆರಡೂಕಾಲು, ಮಗು ಅಮ್ಮನ ಹತ್ತಿರ. ಮೂರನೇದು ನಡುವೆ ಬಿಟ್ಟು ಎದ್ದರೂ ಕೆಡದ್ದು: ಬೇರೆಯವರ ಕೋಡ್ ರಿವ್ಯೂ, ಟೆಸ್ಟ್, ಮೇಲ್. ಅದು ಮಧ್ಯಾಹ್ನ ಎರಡರಿಂದ ನಾಲ್ಕು, ಮಗು ಅಜ್ಜಿಯ ಪಕ್ಕ ಚಾಪೆ ಮೇಲೆ. ಮೂರನೇ ನಿದ್ದೆಯ ಮುಕ್ಕಾಲು ಗಂಟೆಯೂ ಇದಕ್ಕೇ. ಸಂಜೆ ಆರೂವರೆಗೆ ಅಮೆರಿಕದವರ ಜೊತೆ ಒಂದು ಗಂಟೆ ಕಾಲ್.

ಕೂಡಿದರೆ ಆರೂಮುಕ್ಕಾಲು ಗಂಟೆ. ಉಳಿದದ್ದು ಶನಿವಾರ, ಯಜಮಾನರು ಮಗುವನ್ನ ನೋಡ್ಕೊಳ್ಳೋವಾಗ. ಇದನ್ನ ಮ್ಯಾನೇಜರಿಗೆ ಮೊದಲ ದಿನವೇ ಬರೆದು ಕಳಿಸಿದ್ದೆ: ಈ ಹೊತ್ತು ಸಿಗ್ತೀನಿ, ಈ ಹೊತ್ತು ಸಿಗಲ್ಲ, ವಾರಕ್ಕೆ ಇಷ್ಟು ಕೆಲಸ ಮುಗಿಸ್ತೀನಿ.

ಎಪ್ಪತ್ತೈದು ನಿಮಿಷದಲ್ಲಿ ಮುಗಿಯದ ಕೆಲಸ ಇದ್ದೇ ಇರುತ್ತೆ. ಅದಕ್ಕೆ ಕೊನೇ ಐದು ನಿಮಿಷ ಒಂದು ಟಿಪ್ಪಣಿಗೆ ಮೀಸಲು: ಎಲ್ಲಿ ನಿಲ್ಲಿಸಿದೆ, ಮುಂದೆ ಯಾವ ಫೈಲ್ ತೆಗೀಬೇಕು, ನನ್ನ ಅನುಮಾನ ಏನು. ಮೂರೇ ಸಾಲು. ಈ ಟಿಪ್ಪಣಿ ಇಲ್ಲದಿದ್ದ ದಿನ ಮತ್ತೆ ಎಳೆ ಹಿಡಿಯೋಕೆ ಇಪ್ಪತ್ತು ನಿಮಿಷ ಹೋಗ್ತಿತ್ತು. ಮುಕ್ಕಾಲು ಗಂಟೆಯ ಅವಧಿಯಲ್ಲಿ ಇಪ್ಪತ್ತು ನಿಮಿಷ ಅಂದ್ರೆ ಅರ್ಧದ ಹತ್ತಿರ.

ನವೆಂಬರಿನ ಮೊದಲ ಭಾನುವಾರ

ಎರಡು ವಾರ ಚೆನ್ನಾಗಿ ನಡೀತು. ಆಮೇಲೆ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಯ್ತು. ಅವರಿಗೆ ಬೆಳಗ್ಗೆ ಒಂಬತ್ತೇ, ನಮಗೆ ಆರೂವರೆ ಹೋಗಿ ಏಳೂವರೆ. ಮಗು ಮಲಗೋದು ಏಳೂಮುಕ್ಕಾಲಿಗೆ, ಅದೂ ಎದೆಹಾಲು ಕುಡೀತಾನೇ ಮಲಗೋದು. ಮಾರ್ಚಿನ ಎರಡನೇ ಭಾನುವಾರದವರೆಗೆ ಹೀಗೇ ಇರುತ್ತೆ.

ತಾರೀಖು ಮೊದಲೇ ಗೊತ್ತಿದ್ದರಿಂದ ಎಂಟು ದಿನ ಮುಂಚಿನಿಂದ ದಿನವನ್ನೇ ಮೆಲ್ಲಗೆ ಮುಂದೂಡೋಕೆ ನೋಡಿದೆವು, ಎರಡು ದಿನಕ್ಕೆ ಹದಿನೈದು ನಿಮಿಷದಂತೆ. ಪುಸ್ತಕದ ಪ್ರಕಾರ ಬೆಳಗ್ಗೆ ಏಳೋದೂ ಒಂದು ಗಂಟೆ ತಡವಾಗಬೇಕು. ಆದರೆ ನಮ್ಮ ಮನೆಯಲ್ಲಿ ಹಸು, ಬಕೆಟ್ಟು, ಹಾಲಿನ ಕ್ಯಾನು, ಪಕ್ಕದ ಮನೆ ಕೋಳಿ. ಆರೂವರೆ ಅಂದ್ರೆ ಆರೂವರೆಗೇ ಎದ್ದಳು. ಹೀಗಾಗಿ ದಿನದ ಒಂದು ತುದಿ ಅಲ್ಲೇ ಉಳಿದು, ಇನ್ನೊಂದು ತುದಿ ಮಾತ್ರ ಒಂದು ಗಂಟೆ ಉದ್ದವಾಯ್ತು. ಐದಕ್ಕೆ ಎದ್ದ ಮಗುವನ್ನ ಎಂಟೂಮುಕ್ಕಾಲಿನವರೆಗೆ ಎಚ್ಚರ ಇಡೋದು ಆಗದ ಮಾತು, ಅದು ಅವಳ ತಾಳ್ಮೆಗಿಂತ ಒಂದು ಗಂಟೆ ಜಾಸ್ತಿ.

ಸ್ಲೇಟು ನೋಡಿ ಅಮ್ಮ ಹೇಳಿದರು: "ವಸಿ ವತ್ತು ಮುಂಚೇಲಿ ಎಗಲ ಮೇಲಾಕ್ಕೊಂಡು ಒಂದು ಗಳಿಗೆ ಮಲುಗ್ಸಾನ. ಪೂರ್ತಿ ಮಲಗೋದು ಬ್ಯಾಡ."

ಅದೇ ಸರಿಹೋಯ್ತು. ಆರೂಮುಕ್ಕಾಲಿಗೆ ಅಪ್ಪ ಅವಳನ್ನ ಹೆಗಲಿಗೆ ಹಾಕ್ಕೊಂಡು ಜಗಲಿಯಲ್ಲಿ ಓಡಾಡೋದು, ಇಪ್ಪತ್ತು ಇಪ್ಪತ್ತೈದು ನಿಮಿಷ ನಿದ್ದೆ. ಏಳೂಕಾಲಿಗೆ ನಾನು ಹಾಲು ಕೊಟ್ಟು ಕಾಲ್‌ಗೆ ಕೂರೋದು. ನನ್ನ ಭಾಗದ ವಿಷಯ ಮೊದಲ ಅರ್ಧ ಗಂಟೆಯಲ್ಲೇ ಮುಗಿಸೋಣ ಅಂತ ಟೀಮನ್ನ ಕೇಳಿದೆ, ಒಪ್ಪಿದರು. ಎಂಟೂಮುಕ್ಕಾಲಿಗೆ ಮಗು ರಾತ್ರಿಯ ನಿದ್ದೆಗೆ. ಅರ್ಧ ಗಂಟೆಯ ಮೇಲೆ ಆ ಸಂಜೆ ನಿದ್ದೆ ಬಿಟ್ಟ ದಿನ ಮಾತ್ರ ರಾತ್ರಿ ಹತ್ತಾದರೂ ಆಟ ಆಡ್ತಿದ್ದಳು. ಎರಡು ದಿನ ಹಾಗಾದ ಮೇಲೆ ಅಪ್ಪ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡರು. ನನ್ನ ಪಾಳಿ ಒಂಬತ್ತೂವರೆಯಿಂದ ಎರಡೂವರೆಗೆ ಸರಿಯಿತು. ಐದು ಗಂಟೆ ಐದು ಗಂಟೆಯಾಗೇ ಉಳಿಯಿತು.

ಮನೆಗೆಲಸ: ಅಮ್ಮನ ಸೊಂಟದ ಲೆಕ್ಕ

ಈ ದಿನಚರಿ ಹೊರಗಿನಿಂದ ನೋಡಿದರೆ ನನ್ನದು. ಒಳಗೆ ಅದು ನಿಂತಿರೋದು ಅಮ್ಮನ ಮೇಲೆ. ಕೊಟ್ಟಿಗೆ, ಅಡುಗೆ, ಮಗುವಿನ ನೀರು, ಬಟ್ಟೆ, ಅದರ ಮೇಲೆ ನನ್ನ ಮೀಟಿಂಗ್. ಅದಕ್ಕೆ ಸ್ಲೇಟಿನ ಹಿಂಬದಿಯಲ್ಲಿ ಅಮ್ಮನ ದಿನವನ್ನೂ ಬರೆದೆವು. ನಾಲ್ಕೂವರೆಯಿಂದ ರಾತ್ರಿ ಎಂಟೂವರೆಯವರೆಗೆ ಅಮ್ಮ ಕೂತಿದ್ದು ಊಟಕ್ಕೆ ಮಾತ್ರ.

ಮೂರು ಬದಲಾವಣೆ ಮಾಡಿದೆವು. ಸಾರು, ಪಲ್ಯ ದಿನಕ್ಕೆ ಒಂದೇ ಸಲ, ಬೆಳಗ್ಗೆ. ರಾತ್ರಿಗೆ ಮುದ್ದೆ ಮಾತ್ರ ಬಿಸಿ, ಅದನ್ನ ತಿರುವೋದು ಅಪ್ಪ. ಲಂಗೋಟಿ, ಹಾಸುಬಟ್ಟೆ ಮಷೀನಿಗೆ ಹಾಕಿ ಒಣಗಿಸೋದು ನಂದು, ಮಧ್ಯಾಹ್ನ ಊಟ ಆದ ಮೇಲೆ. ಪಾತ್ರೆ, ಕಸಕ್ಕೆ ಬೀದಿಯ ಒಬ್ಬ ಅಕ್ಕನಿಗೆ ದಿನಕ್ಕೆ ಎರಡು ಗಂಟೆ ಸಂಬಳ ಕೊಟ್ಟು ಕರೆದೆವು. "ನಾಲ್ಕ್ ಜನದ್ ಪಾತ್ರೆಗೆ ಆಳ್ ಯಾಕವ್ವ?" ಅಂತ ಅಜ್ಜಿ ಗೊಣಗಿದರು. ಆದರೆ ಮಗುವಿನ ಹನ್ನೆರಡೂವರೆಯ ನಿದ್ದೆಯಲ್ಲಿ ಅಮ್ಮ ಮಗುವಿನ ಪಕ್ಕದಲ್ಲೇ ಮಲಗೋದು ಶುರುವಾದ ಮೇಲೆ ಅಜ್ಜಿ ಆ ಮಾತು ಎತ್ತಲಿಲ್ಲ. ತವರಲ್ಲೋ ಅತ್ತೆ ಮನೆಯಲ್ಲೋ ದೊಡ್ಡವರ ಸಹಾಯದಿಂದ ಕೆಲಸ ಮಾಡೋರು ಮೊದಲು ಅವರ ನಿದ್ದೆ ಎಣಿಸಬೇಕು. ಅವರು ಮಲಗಿದರೆ ನಿಮ್ಮ ಹತ್ತೂವರೆಯ ಮೀಟಿಂಗೂ ನಿಲ್ಲುತ್ತೆ.

ಆರು ತಿಂಗಳು ತುಂಬಿದ ಮೇಲೆ

ನವೆಂಬರ್ 12ರಿಂದ ರಾಗಿ ಸರಿ. ಅಮ್ಮ ತಿಂಗಳಿಗೊಮ್ಮೆ ಮಾಡಿಡ್ತಾರೆ: ರಾಗಿಯನ್ನ ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸೋದು. ಮೊಳಕೆ ಬಂದ ರಾಗಿಯ ಗಂಜಿ ಗಂಟು ಕಟ್ಟದೆ ತೆಳುವಾಗುತ್ತೆ, ಹಾಗಾಗಿ ಅಷ್ಟೇ ಚಮಚದಲ್ಲಿ ಹೆಚ್ಚು ಹಿಟ್ಟು ಹಾಕಬಹುದು. ಶುರುವಿಗೆ ಎರಡು ಮೂರು ಚಮಚ, ದಿನಕ್ಕೆ ಎರಡು ಸಲ. ಚಮಚ ಓರೆ ಮಾಡಿದರೆ ನೀರಿನ ಹಾಗೆ ಸುರಿಯಬಾರದು, ಮೆಲ್ಲಗೆ ಜಾರಬೇಕು. ಒಂದು ವರ್ಷ ಆಗೋವರೆಗೆ ಉಪ್ಪು, ಬೆಲ್ಲ ಬೇಡ. ಜೇನುತುಪ್ಪ ಬೇಡವೇ ಬೇಡ.

ಹೊಟ್ಟೆ ತುಂಬಿದರೆ ರಾತ್ರಿ ಪೂರ್ತಿ ಮಲಗುತ್ತೆ ಅಂತ ಬೀದಿಯಲ್ಲೆಲ್ಲ ಹೇಳಿದ್ದರು. ಸ್ಲೇಟಿನಲ್ಲಿ ಅದು ಕಾಣಲಿಲ್ಲ. ರಾತ್ರಿಯ ಎರಡು ಹಾಲು ಹಾಗೇ ಉಳಿಯಿತು. ಬದಲಾಗಿದ್ದು ಹಗಲು: ಬೆಳಗಿನ ಸರಿ ಹನ್ನೊಂದೂವರೆಗೆ ಅಮ್ಮ ತಿನ್ನಿಸ್ತಿದ್ದರಿಂದ ಮೀಟಿಂಗ್ ಉದ್ದವಾದರೂ 60 ಮಿ.ಲೀ. ಹಾಲು ಬೇಕಾಗ್ತಿರಲಿಲ್ಲ.

ಬೆಂಗಳೂರಿನ ಫ್ಲಾಟಿನಲ್ಲಿ ಇಬ್ಬರೇ ಇರೋರು ಇದನ್ನ ಹೇಗೆ ಮಾಡೋದು ಅಂತ ನನ್ನ ಸ್ನೇಹಿತೆ ಕೇಳಿದಳು. ಹಗಲಿನ ಭಾಗ ಇಬ್ಬರಿಂದ ಆಗಲ್ಲ. ಇಬ್ಬರೂ ಪೂರ್ತಿ ಕೆಲಸ ಮಾಡ್ತಿದ್ದರೆ ಕನಿಷ್ಠ ನಾಲ್ಕು ಗಂಟೆ ಮಗುವನ್ನ ಹಿಡಿಯೋ ಮೂರನೇ ಕೈ ಬೇಕು. ಐವತ್ತು ಅಥವಾ ಹೆಚ್ಚು ಜನ ಇರೋ ಕಚೇರಿ ಶಿಶುಪಾಲನಾ ಕೇಂದ್ರ ಒದಗಿಸಬೇಕು ಅಂತಲೂ ಕಾನೂನಿದೆ, ಕೇಳಿ ನೋಡಿ. ಆದರೆ ರಾತ್ರಿಯ ಭಾಗ ಇಬ್ಬರಿಗೆ ಸಾಕು. ಒಂಬತ್ತರಿಂದ ಎರಡು ಅವರು ಎಚ್ಚರ, ಎರಡರಿಂದ ಏಳು ನೀವು. ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ. ಒಂದು ಒಳಲೆ ಹಾಲು, ಒಂದು ಸ್ಲೇಟು. ಮಗುವಿಗೆ ಜ್ವರ ಬಂದ ದಿನ, ಹಲ್ಲು ಮೂಡೋ ವಾರ ಇದೆಲ್ಲ ಕೆಡುತ್ತೆ. ಆಗ ಸ್ಲೇಟಿನಲ್ಲಿ ಲಂಗೋಟಿಯ ಗೀಟು ಮತ್ತು ಹಾಲಿನ ಹೊತ್ತು, ಇವೆರಡನ್ನ ಮಾತ್ರ ಬರೀರಿ. ಉಳಿದದ್ದು ಮಗು ಹುಷಾರಾದ ಮೇಲೆ ಮೂರು ನಾಲ್ಕು ದಿನದಲ್ಲಿ ತಾನಾಗೇ ಹಳೇ ಆಕಾರಕ್ಕೆ ಬರುತ್ತೆ.